ಬೀಳೋ ಹಲ್ಲು ತಾನೇ ಎನ್ನುವವರಿಗೆ

ಮೇಲಿನ ನಾಲ್ಕು ಮುಂದಿನ ಹಲ್ಲು ಕಂದು ಮೊಂಡುಗಳಾಗಿ ವಸಡಿಗೆ ಅಂಟಿಕೊಂಡಿರುತ್ತವೆ. ಕೆಳಗಿನ ಮುಂದಿನ ಹಲ್ಲುಗಳ ಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ಎರಡು, ಎರಡೂವರೆ ವರ್ಷದ ಮಗುವಿನ ಬಾಯಲ್ಲಿ ಇದನ್ನು ಕಂಡ ದಂತವೈದ್ಯರು ಹೆಚ್ಚು ಪ್ರಶ್ನೆ ಕೇಳಬೇಕಾದ ಅಗತ್ಯವೇ ಇಲ್ಲ. ಈ ಮಗು ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುತ್ತದೆ. ಕೇಳಿದರೆ ಮನೆಯವರು ಮೊದಲು ಇಲ್ಲ ಎನ್ನುತ್ತಾರೆ, ಆಮೇಲೆ ‘ರಾತ್ರಿ ಒಂದೇ ಸಲ’ ಎನ್ನುತ್ತಾರೆ, ಕೊನೆಗೆ ಜೊತೆಯಲ್ಲಿ ಬಂದ ಅಜ್ಜಿ ನಿಜ ಹೇಳಿಬಿಡುತ್ತಾರೆ.

ಮೇಲಿನ ಹಲ್ಲೇ ಯಾಕೆ ಹೋಗುತ್ತದೆ, ಕೆಳಗಿನದು ಯಾಕೆ ಉಳಿಯುತ್ತದೆ ಎನ್ನುವುದನ್ನು ಅರ್ಥ ಮಾಡಿಕೊಂಡರೆ ಅರ್ಧ ವಿಷಯ ತಿಳಿದಂತೆ. ಮಗು ನಿಪ್ಪಲ್ ಚೀಪುವಾಗ ಅದರ ನಾಲಿಗೆ ಮುಂದಕ್ಕೆ ಚಾಚಿ ಕೆಳಗಿನ ಹಲ್ಲುಗಳನ್ನು ಮುಚ್ಚಿಕೊಂಡಿರುತ್ತದೆ. ನಾಲಿಗೆಯ ಅಡಿಯಲ್ಲೇ ಎರಡು ಜೊತೆ ಜೊಲ್ಲುಗ್ರಂಥಿಗಳು ಬಾಯಿಗೆ ತೆರೆದುಕೊಳ್ಳುತ್ತವೆ. ಹಾಗಾಗಿ ಕೆಳಗಿನ ಮುಂದಿನ ಹಲ್ಲು ಸದಾ ತೊಳೆದುಕೊಳ್ಳುತ್ತಲೇ ಇರುತ್ತದೆ. ಮೇಲಿನ ಹಲ್ಲಿಗೆ ಈ ಯಾವ ರಕ್ಷಣೆಯೂ ಇಲ್ಲ. ನಿಪ್ಪಲ್ಲಿನಿಂದ ಬಂದ ಹಾಲು ಅವುಗಳ ಸುತ್ತಲೇ ನಿಲ್ಲುತ್ತದೆ. ಮಗು ಎಚ್ಚರವಿದ್ದರೆ ನುಂಗುತ್ತದೆ, ಜೊಲ್ಲು ಬಂದು ಉಳಿದದ್ದನ್ನು ತೊಳೆಯುತ್ತದೆ. ನಿದ್ದೆ ಹತ್ತಿದ ಮೇಲೆ ನುಂಗುವುದು ವಿರಳವಾಗುತ್ತದೆ, ಜೊಲ್ಲು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಕೊನೆಯ ಗುಟುಕು ಹಾಲು ಮೇಲ್ದುಟಿಯ ಹಿಂದೆ, ವಸಡಿನ ಅಂಚಿನಲ್ಲಿ, ಬೆಳಗಿನವರೆಗೂ ಹಾಗೇ ಇರುತ್ತದೆ.

ಆ ಹಾಲು ಬರೀ ಹಾಲಾಗಿದ್ದರೂ ಒಂದು ಮಾತು. ಹಸುವಿನ ಹಾಲಿನಲ್ಲಿ ಹಲ್ಲಿಗೆ ಬೇಕಾದ ಕ್ಯಾಲ್ಸಿಯಂ, ಫಾಸ್ಫೇಟ್ ಇವೆ, ಅದರ ಸಿಹಿಯಾದ ಲ್ಯಾಕ್ಟೋಸ್ ಹಲ್ಲಿಗೆ ಅಷ್ಟೇನೂ ದೊಡ್ಡ ವೈರಿಯಲ್ಲ. ಹಗಲಲ್ಲಿ ಲೋಟದಲ್ಲಿ ಕುಡಿದ ಸಪ್ಪೆ ಹಾಲಿನಿಂದ ಹಲ್ಲು ಹಾಳಾಗುವುದಿಲ್ಲ. ರಾತ್ರಿಯಿಡೀ ಹಲ್ಲಿನ ಸುತ್ತ ನಿಂತರೆ ಆ ಲ್ಯಾಕ್ಟೋಸ್ ಕೂಡ ಆಮ್ಲವಾಗುತ್ತದೆ, ಅದು ಬೇರೆ. ಆದರೆ ನಮ್ಮ ಮನೆಗಳಲ್ಲಿ ಸಪ್ಪೆ ಹಾಲು ಕುಡಿಸುವವರು ಎಷ್ಟು ಜನ? ಇನ್ನೂರು ಮಿಲಿಯ ಬಾಟಲಿಗೆ ಎರಡು ಚಮಚ ಸಕ್ಕರೆ, ಅದರ ಮೇಲೆ ಡಬ್ಬಿಯಲ್ಲಿ ಬರುವ ಶಕ್ತಿಪುಡಿ. ಆ ಪುಡಿಯ ಡಬ್ಬಿ ತಿರುಗಿಸಿ ಹಿಂದೆ ಬರೆದದ್ದು ಓದಿ, ಅದರಲ್ಲೂ ಸಕ್ಕರೆಯೇ ಮುಂದೆ ನಿಂತಿರುತ್ತದೆ. ‘ಸಕ್ಕರೆ ಹಾಕದಿದ್ರೆ ಕುಡಿಯಲ್ಲ ಡಾಕ್ಟ್ರೇ’ ಎನ್ನುತ್ತೀರಿ. ಮೊದಲ ದಿನ ಸಕ್ಕರೆ ಹಾಕಿದ್ದು ಯಾರು? ಎಂಟು ತಿಂಗಳ ಮಗು ಡಬ್ಬಿ ತೆಗೆದು ಹಾಕಿಕೊಂಡಿತೇ?

ಬಾಯಲ್ಲಿ ನಡೆಯುವುದು ಇಷ್ಟು. ಹಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾಗಳಿಗೆ, ಅದರಲ್ಲೂ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದಕ್ಕೆ, ಸಕ್ಕರೆ ಸಿಕ್ಕರೆ ಎರಡು ಲಾಭ. ಅದನ್ನು ತಿಂದು ಆಮ್ಲ ಬಿಡುತ್ತದೆ, ಅದರಿಂದಲೇ ಅಂಟು ಮಾಡಿಕೊಂಡು ಹಲ್ಲಿಗೆ ಗಟ್ಟಿಯಾಗಿ ಹತ್ತಿಕೊಳ್ಳುತ್ತದೆ. ಸಿಹಿ ತಾಗಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಬೀಳುತ್ತದೆ. ಅಲ್ಲಿಂದ ಕೆಳಗೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಚೆನ್ನಾಗಿ ಬರುತ್ತಿದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪಿಎಚ್ ಮೇಲೇರಿ, ಕರಗಿದ ಖನಿಜ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಸೇರುತ್ತದೆ. ಹಾಲುಹಲ್ಲಿನ ಎನಾಮಲ್ ದೊಡ್ಡವರ ಹಲ್ಲಿನ ಎನಾಮಲ್‌ಗಿಂತ ಬಹಳ ತೆಳು, ಹೊಸದಾಗಿ ಹುಟ್ಟಿದ ಹಲ್ಲಂತೂ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ‘ಎಷ್ಟು ಸಿಹಿ ಕೊಟ್ಟೆ’ ಎಂಬ ಲೆಕ್ಕಕ್ಕಿಂತ ‘ಎಷ್ಟು ಸಲ ಕೊಟ್ಟೆ, ಎಷ್ಟು ಹೊತ್ತು ಬಾಯಲ್ಲಿತ್ತು’ ಎಂಬ ಲೆಕ್ಕವೇ ಇಲ್ಲಿ ಮುಖ್ಯ. ನೀವು ಇಡುವುದು ಮಾತ್ರ ಮೊದಲನೆಯ ಲೆಕ್ಕವನ್ನು. ‘ಒಂದೇ ಒಂದು ಬಿಸ್ಕತ್ತು ಅಷ್ಟೇ’, ‘ಅರ್ಧ ಚಾಕೊಲೇಟು ಅಷ್ಟೇ’. ಆ ‘ಅಷ್ಟೇ’ ದಿನಕ್ಕೆ ಎಷ್ಟು ಸಲ ಬಂತು ಎಂದು ಎಣಿಸಿದವರಿಲ್ಲ.

ಎಣಿಸೋಣ. ಎರಡೂವರೆ ವರ್ಷದ ಒಬ್ಬ ಹುಡುಗನ ದಿನ ಇದು, ಅವನ ತಾಯಿ ಹೇಳಿದ್ದನ್ನೇ ಗಂಟೆಯ ಪ್ರಕಾರ ಬರೆದುಕೊಂಡದ್ದು. ‘ನಮ್ಮನೇಲಿ ಚಾಕೊಲೇಟ್ ತರೋದೇ ಇಲ್ಲ’ ಎಂದು ಶುರು ಮಾಡಿದ್ದರು, ಅದು ನಿಜವೂ ಹೌದು. ಬೆಳಿಗ್ಗೆ ಆರೂವರೆಗೆ ಸಕ್ಕರೆ ಹಾಲು, ಅದರಲ್ಲಿ ಅದ್ದಿದ ಎರಡು ಮಾರಿ ಬಿಸ್ಕತ್ತು. ಒಂಬತ್ತಕ್ಕೆ ಇಡ್ಲಿಯೋ ದೋಸೆಯೋ ಎರಡು ತುತ್ತು. ಹತ್ತಕ್ಕೆ ಅಡುಗೆಮನೆಯಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತಾನೆಂದು ಕೈಗೆ ರಸ್ಕು, ಅದನ್ನು ಅರ್ಧ ಗಂಟೆ ಚೀಪುತ್ತ ಓಡಾಡುತ್ತಾನೆ. ಹನ್ನೆರಡಕ್ಕೆ ತಾತನ ಜೊತೆ ಅಂಗಡಿಗೆ ಹೋಗಿ ಒಂದು ರೂಪಾಯಿಯ ಜೆಲ್ಲಿ. ಒಂದೂವರೆಗೆ ಅನ್ನ, ಒಲ್ಲೆ ಎಂದು ಹಟ. ಎರಡೂವರೆಗೆ ಮಲಗಿಸಲು ಬಾಟಲಿ. ನಾಲ್ಕೂವರೆಗೆ ಎದ್ದ ಕೂಡಲೇ ಕ್ರೀಮ್ ಬಿಸ್ಕತ್ತು. ಆರಕ್ಕೆ ಪಾರ್ಕಿನಲ್ಲಿ ಪ್ಯಾಕೆಟ್ಟಿನ ಮಾವಿನ ಜ್ಯೂಸು. ರಾತ್ರಿ ಎಂಟೂವರೆಗೆ ಮೊಬೈಲ್ ತೋರಿಸಿ ಊಟ. ಹತ್ತಕ್ಕೆ ಬಾಟಲಿ. ಒಂದೂವರೆಗೆ ಎದ್ದು ಅತ್ತರೆ ಬಾಟಲಿ. ನಾಲ್ಕೂವರೆಗೆ ಮತ್ತೊಂದು.

ಹಗಲಿನಲ್ಲೇ ಆರು ಸಲ ಹಲ್ಲಿನ ಮೇಲೆ ಆಮ್ಲ ಏರಿದೆ. ಒಂದೊಂದಕ್ಕೂ ಬರೀ ಅರ್ಧ ಗಂಟೆ ಹಿಡಿದರೂ ಮೂರು ಗಂಟೆ. ರಸ್ಕು ಚೀಪಿದ ಹೊತ್ತು, ಮಧ್ಯಾಹ್ನದ ನಿದ್ದೆ ಸೇರಿದರೆ ಇನ್ನೂ ಹೆಚ್ಚು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರೂವರೆಯವರೆಗೆ ಎಂಟೂವರೆ ಗಂಟೆ ಜೊಲ್ಲಿಲ್ಲದ ಬಾಯಿ, ಅದರಲ್ಲಿ ಮೂರು ಬಾಟಲಿ. ಮೊದಲನೆಯದರ ಆಮ್ಲ ಇಳಿಯುವ ಮೊದಲೇ ಎರಡನೆಯದು ಬಂದಿರುತ್ತದೆ. ಹಲ್ಲು ಚೇತರಿಸಿಕೊಳ್ಳಲು ಇಪ್ಪತ್ತನಾಲ್ಕು ಗಂಟೆಯಲ್ಲಿ ಸಿಕ್ಕಿದ್ದು ಅಲ್ಲಲ್ಲಿ ಒಂದೊಂದು ತುಣುಕು. ಇದೇ ಹುಡುಗನಿಗೆ ಇದೇ ಸಿಹಿಯನ್ನು ಮೂರು ಊಟದ ಜೊತೆಗೇ ಕೊಟ್ಟು, ರಾತ್ರಿ ಏನೂ ಕೊಡದೆ ಇದ್ದಿದ್ದರೆ ಆರೋಗ್ಯಕ್ಕೆ ಅದೂ ಒಳ್ಳೆಯದೆಂದಲ್ಲ, ಆದರೆ ಹಲ್ಲಿನ ಕಥೆ ಬೇರೆಯೇ ಆಗಿರುತ್ತಿತ್ತು.

ಇದು ನನ್ನ ಸ್ವಂತ ಸಿದ್ಧಾಂತವೇನಲ್ಲ. 1945ರಿಂದ ಕೆಲವು ವರ್ಷ ಸ್ವೀಡನ್ನಿನ ವಿಪೆಹೋಮ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ಇದನ್ನು ಮನುಷ್ಯರ ಮೇಲೆಯೇ ನೋಡಿದರು. ಅಲ್ಲಿದ್ದ ರೋಗಿಗಳನ್ನು ಒಂದು ಮಾತೂ ಕೇಳದೆ ಮಾಡಿದ ಆ ಕೆಲಸ ನಾಚಿಕೆಗೇಡಿನದು, ಇಂದು ಯಾರೂ ಹಾಗೆ ಮಾಡುವಂತಿಲ್ಲ. ಆದರೆ ಕಂಡದ್ದು ಸ್ಪಷ್ಟವಾಗಿತ್ತು. ಊಟದ ಜೊತೆ ಸಕ್ಕರೆ ನೀರು ಕುಡಿದವರಲ್ಲಿ ಹುಳುಕು ಹೆಚ್ಚಾಗಿದ್ದು ಅಲ್ಪ. ಊಟಗಳ ನಡುವೆ ಅಂಟುವ ಟಾಫಿ ತಿಂದವರ ಹಲ್ಲು ಸಾಲುಸಾಲಾಗಿ ಹಾಳಾಯಿತು. ಟಾಫಿ ನಿಲ್ಲಿಸಿದ ಮೇಲೆ ಹೊಸ ಹುಳುಕು ಇಳಿಯಿತು. ನಮ್ಮ ಮಕ್ಕಳಿಗೆ ಟಾಫಿಯ ಜಾಗದಲ್ಲಿ ಬಿಸ್ಕತ್ತು, ರಸ್ಕು ಬಂದಿದೆ, ಅಷ್ಟೇ ವ್ಯತ್ಯಾಸ. ಮೈದಾ ಮತ್ತು ಸಕ್ಕರೆ ಸೇರಿ ಜೊಲ್ಲಿನಲ್ಲಿ ನೆನೆದು ದವಡೆಹಲ್ಲಿನ ಸೀಳಿನಲ್ಲಿ ಮೆತ್ತಿಕೊಂಡರೆ, ಬಾಯಲ್ಲೇ ಕರಗಿ ಹೋಗುವ ಚಾಕೊಲೇಟಿಗಿಂತ ಹೆಚ್ಚು ಹೊತ್ತು ಕೂತಿರುತ್ತದೆ. ಚಾಕೊಲೇಟ್ ತರದ ಮನೆಯ ಹುಡುಗನ ಹಲ್ಲು ಹೋದದ್ದು ಹೀಗೆ.

ಇನ್ನು ‘ನಾವು ಸಕ್ಕರೆ ಹಾಕಲ್ಲ, ಬೆಲ್ಲ’ ಎನ್ನುವವರು. ಕಲ್ಲುಸಕ್ಕರೆ, ಜೋನಿಬೆಲ್ಲ, ಜೇನು, ಖರ್ಜೂರದ ಪಾಕ ಯಾವುದಾದರೂ ಬ್ಯಾಕ್ಟೀರಿಯಾಕ್ಕೆ ಒಂದೇ ಊಟ. ಬೆಲ್ಲದಲ್ಲಿ ಕಬ್ಬಿಣ ಇದೆ ಎಂಬ ಕಾರಣಕ್ಕೆ ಅದು ಆಮ್ಲ ಮಾಡುವುದನ್ನು ನಿಲ್ಲಿಸುವುದಿಲ್ಲ. ಚೀಪುವ ರಬ್ಬರನ್ನು ಜೇನಿನಲ್ಲಿ ಅದ್ದಿ ಕೊಡುವವರು ಈಗಲೂ ಇದ್ದಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಹಲ್ಲಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವನ್ನು ಅಷ್ಟು ಚಿಕ್ಕ ಕರುಳು ತಡೆದುಕೊಳ್ಳುವುದಿಲ್ಲ.

ಹಲ್ಲು ಕಪ್ಪಾದ ಮೇಲೆ ಆರೋಪಿಯನ್ನು ಹುಡುಕುವ ಕೆಲಸ ಶುರುವಾಗುತ್ತದೆ, ಅದರಲ್ಲಿ ನಮ್ಮವರದು ಎತ್ತಿದ ಕೈ. ‘ಐರನ್ ಸಿರಪ್ ಕುಡಿಸಿದ್ಮೇಲೆ ಹಿಂಗಾಯ್ತು’ ಎನ್ನುವುದು ಮೊದಲ ಮಾತು. ಐರನ್ ಸಿರಪ್ಪಿನ ಕಲೆ ಹಲ್ಲಿನ ಮೇಲ್ಮೈಯಲ್ಲಿ ಮಾತ್ರ ಇರುತ್ತದೆ. ಹಲ್ಲು ನುಣ್ಣಗೆ ಗಟ್ಟಿಯಾಗಿರುತ್ತದೆ, ಉಜ್ಜಿ ಪಾಲಿಶ್ ಮಾಡಿದರೆ ಕಲೆ ಹೋಗುತ್ತದೆ. ಹುಳುಕು ಮೆತ್ತಗಿರುತ್ತದೆ, ಗುಳಿ ಬಿದ್ದಿರುತ್ತದೆ, ಯಾವ ಪಾಲಿಶಿಗೂ ಹೋಗುವುದಿಲ್ಲ. ತಮಾಷೆಯೆಂದರೆ ಆ ಸಿರಪ್ಪನ್ನು ಮಕ್ಕಳ ವೈದ್ಯರು ಬರೆದುಕೊಟ್ಟಿದ್ದಕ್ಕೂ ಬಹಳ ಸಲ ಬಾಟಲಿಯೇ ಕಾರಣ. ರಾತ್ರಿಯಲ್ಲೇ ಅರ್ಧ ಲೀಟರಿಗೂ ಮೇಲೆ ಹಾಲು ಕುಡಿದ ಮಗುವಿಗೆ ಬೆಳಿಗ್ಗೆ ಹಸಿವಿರುವುದಿಲ್ಲ. ಊಟ ಮಾಡುವುದಿಲ್ಲವೆಂದು ಹಗಲಿಡೀ ಬಿಸ್ಕತ್ತು, ರಾತ್ರಿ ಮತ್ತೆ ಬಾಟಲಿ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಹಾಲಿನಲ್ಲೇ ಹೊಟ್ಟೆ ತುಂಬಿಸಿದ ಮಗುವಿಗೆ ರಕ್ತಹೀನತೆ ಬರುತ್ತದೆ. ಅದಕ್ಕೆ ಸಿರಪ್. ಆಮೇಲೆ ಹಲ್ಲಿನ ಪಾಪವೂ ಆ ಸಿರಪ್ಪಿನ ತಲೆಗೇ.

ಎರಡನೆಯ ಆರೋಪಿ ಸೊಸೆ. ಬಸುರಿಯಲ್ಲಿ ಕ್ಯಾಲ್ಸಿಯಂ ಮಾತ್ರೆ ಸರಿಯಾಗಿ ತಗೊಳ್ಳಲಿಲ್ಲ, ಅವಳ ತವರಿನವರ ಹಲ್ಲೆಲ್ಲ ಹಿಂಗೇ. ವಂಶದ ಹಲ್ಲು ಮೇಲಿನ ನಾಲ್ಕನ್ನು ಆರಿಸಿಕೊಂಡು ಕೊಳೆತು ಕೆಳಗಿನದನ್ನು ಉಳಿಸುವುದಿಲ್ಲ, ಅತ್ತೆಯವರೇ. ರಾತ್ರಿ ಎದ್ದು ಬಾಟಲಿ ಬಿಸಿ ಮಾಡುವುದು ಅವಳಾದರೂ, ‘ಕೊಟ್ಟು ಸುಮ್ಮನಿರಿಸು, ಬೆಳಿಗ್ಗೆ ಡ್ಯೂಟಿ ಇದೆ’ ಎಂದು ಮಗ್ಗುಲಾಗಿ ಮಲಗುವವರು ಯಾರೆಂದು ಮನೆಯವರಿಗೆಲ್ಲ ಗೊತ್ತಿದೆ. ಒಂದು ವರ್ಷ ದಾಟಿ, ಹಗಲು ಹೊಟ್ಟೆ ತುಂಬ ಉಂಡ ಆರೋಗ್ಯವಂತ ಮಗುವಿಗೆ ರಾತ್ರಿ ಹಾಲು ಹಸಿವಿಗಾಗಿ ಬೇಕಿಲ್ಲ. ಆ ಬಾಟಲಿ ದೊಡ್ಡವರ ನಿದ್ದೆಗೆ. ಅದನ್ನು ಒಪ್ಪಿಕೊಂಡರೆ ಮಾತು ಮುಂದುವರಿಸಬಹುದು.

ಎದೆಹಾಲಿನ ವಿಷಯವನ್ನು ಇದಕ್ಕೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಎರಡು ವರ್ಷದವರೆಗೆ, ಅದರಾಚೆಗೂ ಎದೆಹಾಲು ಕೊಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲ್ಲು ಬಂದ ಮೇಲೆ, ವರ್ಷ ದಾಟಿದ ಮೇಲೆ, ರಾತ್ರಿಯಿಡೀ ಬಾಯಲ್ಲೇ ಇಟ್ಟುಕೊಂಡು ಮಲಗುವ ಅಭ್ಯಾಸಕ್ಕೆ ಹಗಲಿನ ಬಿಸ್ಕತ್ತು ಸೇರಿದರೆ ಅಲ್ಲೂ ಹುಳುಕು ಬರಬಹುದು. ಅದಕ್ಕೆ ಮದ್ದು ಹಲ್ಲು ಉಜ್ಜುವುದು, ಬಿಸ್ಕತ್ತು ಬಿಡಿಸುವುದು. ಎದೆಹಾಲು ಬಿಡಿಸಿ ಬಾಟಲಿ ಕೊಡುವುದಂತೂ ಖಂಡಿತ ಅಲ್ಲ. ಬಾಟಲಿ, ಹಾಲಿನ ಪುಡಿಗಳನ್ನು ಜಾಹೀರಾತು ಮಾಡಬಾರದು, ಪುಕ್ಕಟೆ ಹಂಚಬಾರದು ಎಂದು ಈ ದೇಶದಲ್ಲಿ 1992ರಿಂದ ಕಾನೂನೇ ಇದೆ. ಕಂಪನಿಯವರು ಮಾಡಬಾರದ್ದನ್ನು ನಾವು ನಾಮಕರಣದ ಉಡುಗೊರೆಯಲ್ಲಿ ಗೊಂಬೆಚಿತ್ರದ ಸೆಟ್ ಕೊಟ್ಟು ಪೂರೈಸುತ್ತಿದ್ದೇವೆ.

‘ಹೆಂಗಿದ್ರೂ ಬೀಳೋ ಹಲ್ಲು ತಾನೇ’ ಎನ್ನುವುದಕ್ಕೆ ಬರೋಣ, ಇದೇ ಎಲ್ಲಕ್ಕಿಂತ ದೊಡ್ಡ ಉಡಾಫೆ. ಮೇಲಿನ ಮುಂದಿನ ಹಲ್ಲು ಬೀಳುವುದು ಏಳು, ಎಂಟರ ಸುಮಾರಿಗೆ. ಹಾಲು ದವಡೆಹಲ್ಲು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕು. ಎರಡೂವರೆಗೆ ಕೊಳೆತ ಹಲ್ಲಿನಲ್ಲಿ ಆ ಹುಡುಗ ಇನ್ನೂ ಐದು, ಎಂಟು ವರ್ಷ ಅಗಿಯಬೇಕು. ಹುಳುಕು ನರ ತಲುಪಿದರೆ ರಾತ್ರಿ ನೋವಿಗೆ ಎದ್ದು ಅಳುತ್ತಾನೆ. ನೀವು ಅದನ್ನು ಹಸಿವೆಂದು ತಿಳಿದು ಮತ್ತೆ ಬಾಟಲಿ ಇಡುತ್ತೀರಿ. ಒಂದು ದಿನ ಕೆನ್ನೆ ಊದುತ್ತದೆ. ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ಸಿರಪ್ ತಂದು ಐದು ದಿನ ಕುಡಿಸಿದರೆ ಊತ ಇಳಿಯುತ್ತದೆ, ಕೀವಿನ ಮೂಲ ಹಲ್ಲೊಳಗೇ ಇರುತ್ತದೆ, ತಿಂಗಳೆರಡರಲ್ಲಿ ಮತ್ತೆ ಬರುತ್ತದೆ. ಆ ಸಿರಪ್ಪೂ ಸಿಹಿಯೇ. ಹಾಲುಹಲ್ಲಿನ ಬೇರಿನ ಬುಡದಲ್ಲೇ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಮೇಲಿನ ಕೀವು ಅದನ್ನು ಮುಟ್ಟಿದರೆ ಹೊಸ ಹಲ್ಲು ಕಂದು ಮಚ್ಚೆ, ಗುಳಿಗಳೊಂದಿಗೇ ಹುಟ್ಟಬಹುದು. ದವಡೆಹಲ್ಲನ್ನು ಕಿತ್ತರೆ ಆರು ವರ್ಷಕ್ಕೆ ಬರುವ ದೊಡ್ಡ ದವಡೆಹಲ್ಲು ಖಾಲಿ ಜಾಗಕ್ಕೆ ಜರುಗುತ್ತದೆ, ನಂತರ ಬರಬೇಕಾದ ಹಲ್ಲಿಗೆ ಸ್ಥಳವಿರುವುದಿಲ್ಲ. ಹದಿಮೂರಕ್ಕೆ ಕ್ಲಿಪ್ ಹಾಕಿಸಲು ಸಾಲ ಮಾಡುವವರಲ್ಲಿ ಕೆಲವರಾದರೂ ಎರಡಕ್ಕೆ ಬಾಟಲಿ ಬಿಡಿಸದೆ ಹೋದವರು.

ಇದೆಲ್ಲ ರಾತ್ರೋರಾತ್ರಿ ಆಗುವುದಿಲ್ಲ, ಮೊದಲೇ ಸೂಚನೆ ಸಿಗುತ್ತದೆ. ನೋಡುವವರಿಲ್ಲ. ಮಗುವಿನ ತಲೆಯನ್ನು ನಿಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಿ, ಕಾಲುಗಳು ಎದುರಿಗೆ ಕೂತವರ ಮಡಿಲಲ್ಲಿರಲಿ. ಬೆಳಕಿನ ಕಡೆ ತಿರುಗಿ ಮೇಲ್ದುಟಿಯನ್ನು ಪೂರ್ತಿ ಎತ್ತಿ, ಒಂದು ಒಣ ಬಟ್ಟೆಯಿಂದ ಹಲ್ಲು ಒರೆಸಿ. ವಸಡಿಗೆ ತಾಗಿದ ಹಾಗೆ ಸೀಮೆಸುಣ್ಣದಂಥ, ಹೊಳಪಿಲ್ಲದ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿದೆ. ‘ಹಾಲಿನ ಕಲೆ’ ಎಂದು ಬಿಡಬೇಡಿ. ಈ ಹಂತದಲ್ಲಿ ಬಾಟಲಿ ನಿಂತು, ಫ್ಲೋರೈಡ್ ಸಿಕ್ಕರೆ ಆ ಗೆರೆ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಹಳದಿಯಾಗಿ, ಕಂದಾಗಿ, ಉಗುರಿಗೆ ಮೆತ್ತಗೆ ಸಿಕ್ಕಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಇಲ್ಲ, ಈ ವಯಸ್ಸಿನಲ್ಲಿ ಅಲ್ಲಿಂದ ಇಲ್ಲಿಗೆ ಕೆಲವೇ ತಿಂಗಳು ಸಾಕು. ಒಂದು ವರ್ಷ ತುಂಬುವ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ ಎಂದು ಹೇಳುವುದು ಇದಕ್ಕೇ. ಕಿವಿ ಚುಚ್ಚಿಸಲು, ಮುಡಿ ಕೊಡಲು ದಿನ ನೋಡುವ ನಮಗೆ ಇದೊಂದು ನೆನಪಿಗೆ ಬರುವುದಿಲ್ಲ.

ಬಾಟಲಿ ಬಿಡಿಸುವುದು ಹೇಗೆ ಎಂದು ಕೇಳುತ್ತೀರಲ್ಲ, ಅದರಲ್ಲಿ ಗುಟ್ಟೇನಿಲ್ಲ. ಮೊದಲು ಸಕ್ಕರೆ, ಪುಡಿ ಎರಡನ್ನೂ ನಿಲ್ಲಿಸಿ. ಹಗಲಿನ ಹಾಲನ್ನು ಲೋಟಕ್ಕೆ ಬದಲಿಸಿ, ಚೆಲ್ಲಿದರೆ ಒರೆಸಿ. ರಾತ್ರಿಯ ಬಾಟಲಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಕಾಲುಭಾಗ ಹಾಲು ಕಡಿಮೆ ಮಾಡಿ ಅಷ್ಟೇ ನೀರು ಸೇರಿಸುತ್ತ ಬನ್ನಿ, ಎರಡು ವಾರದೊಳಗೆ ಅದು ಬರೀ ನೀರಾಗುತ್ತದೆ. ನೀರಿಗಾಗಿ ಎದ್ದು ಅಳುವ ಮಕ್ಕಳು ಕಡಿಮೆ. ಅಳುತ್ತಾನೆ, ಹೌದು, ಕೆಲವು ರಾತ್ರಿ ಚೆನ್ನಾಗಿಯೇ ಅಳುತ್ತಾನೆ. ನಾಲ್ಕನೆಯ ರಾತ್ರಿ ಅಜ್ಜಿ ಕರಗಿ ಒಂದು ಸಲ ಹಾಲು ಕೊಟ್ಟರೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಇಷ್ಟು ಅತ್ತರೆ ಸಿಗುತ್ತದೆ ಎಂದು ಅವನು ಕಲಿತಿರುತ್ತಾನೆ. ಅದಕ್ಕೆ ಮನೆಯವರೆಲ್ಲ ಮೊದಲೇ ಕೂತು ಒಂದು ಮಾತಿಗೆ ಬರಬೇಕು. ಹನ್ನೆರಡರಿಂದ ಹದಿನೆಂಟು ತಿಂಗಳೊಳಗೆ ಇದನ್ನು ಮುಗಿಸಿದರೆ ಅಳುವೂ ಕಡಿಮೆ, ಹಟವೂ ಕಡಿಮೆ. ಊಟದ ನಡುವೆ ಹಸಿವಾದರೆ ಹಣ್ಣು, ಮೊಸರು, ಬೇಯಿಸಿದ ಕಡಲೆಕಾಯಿಯನ್ನು ನುರಿದು ಕೊಡಿ, ನಡುವೆ ಬರೀ ನೀರು. ಎರಡು ವರ್ಷದವರೆಗೆ ಸಕ್ಕರೆ ಸೇರಿಸಿದ್ದು ಯಾವುದೂ ಬೇಡ ಎಂದು ಮಕ್ಕಳ ವೈದ್ಯರೂ ಹೇಳುತ್ತಾರೆ.

ಮೊದಲ ಹಲ್ಲು ಮೂಡಿದ ದಿನದಿಂದ ಉಜ್ಜಬೇಕು, ಮಲಗುವ ಮುಂಚಿನದಂತೂ ತಪ್ಪಬಾರದು, ಅದರ ನಂತರ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು ಪೇಸ್ಟ್, ಕೊಳವೆಯ ಮೇಲೆ 1000 ಪಿಪಿಎಂ ಫ್ಲೋರೈಡ್ ಎಂದು ಬರೆದದ್ದು. ಸ್ಟ್ರಾಬೆರಿ ವಾಸನೆಯ ಮಕ್ಕಳ ಪೇಸ್ಟುಗಳಲ್ಲಿ ಫ್ಲೋರೈಡೇ ಇಲ್ಲದವೂ ಇವೆ, ಚಿತ್ರ ನೋಡಿ ಕೊಳ್ಳಬೇಡಿ. ಕೋಲಾರ, ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ದಂತವೈದ್ಯರನ್ನು ಕೇಳಿ ನಿರ್ಧರಿಸಲಿ. ಉಜ್ಜುವುದು ದೊಡ್ಡವರ ಕೆಲಸ. ‘ಅವನೇ ಉಜ್ಜಿಕೊಳ್ತಾನೆ’ ಎಂದು ಹೆಮ್ಮೆಯಿಂದ ಹೇಳುವವರ ಮಗ ಬ್ರಷ್ಷನ್ನು ಅಗಿಯುತ್ತಿರುತ್ತಾನೆ.

ಎರಡೂವರೆ ವರ್ಷದ ಆ ಹುಡುಗನ ಮೇಲಿನ ನಾಲ್ಕು ಹಲ್ಲಿನಲ್ಲಿ ಎರಡನ್ನು ತೆಗೆಯಲೇಬೇಕಿತ್ತು, ಎರಡಕ್ಕೆ ಬೇರಿನ ಚಿಕಿತ್ಸೆ ಮಾಡಿ ಕ್ಯಾಪ್. ಆಗಷ್ಟೇ ಹುಳುಕು ಹಿಡಿದ ದವಡೆಹಲ್ಲುಗಳಿಗೆ ಬೆಳ್ಳಿಯ ದ್ರಾವಣ ಹಚ್ಚಿ ನಿಲ್ಲಿಸಬಹುದಿತ್ತು. ಅದು ಹುಳುಕಿನ ಜಾಗವನ್ನು ಕಪ್ಪು ಮಾಡುತ್ತದೆ, ನೋಡಲು ಚೆನ್ನಾಗಿರುವುದಿಲ್ಲ, ಆದರೆ ಮುಂದುವರಿಯದಂತೆ ಹಿಡಿಯುತ್ತದೆ. ಕೀವು ತುಂಬಿದ ಹಲ್ಲಿಗೆ ಅದರಿಂದ ಪ್ರಯೋಜನವಿಲ್ಲ. ಅಷ್ಟು ಚಿಕ್ಕ ಮಗು ಬಾಯಿ ತೆರೆದು ಅಷ್ಟು ಹೊತ್ತು ಕೂರುವುದಿಲ್ಲವಾದ್ದರಿಂದ ಪೂರ್ತಿ ಅರಿವಳಿಕೆ ಕೊಟ್ಟು ಮಾಡಬೇಕಾಗುತ್ತದೆ. ಅಂದರೆ ರಕ್ತಪರೀಕ್ಷೆ, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರು, ಅದರ ಖರ್ಚು. ತಂದೆ ಎಲ್ಲಕ್ಕೂ ಒಪ್ಪಿದರು, ‘ಯಾವಾಗ ಮಾಡ್ತೀರಿ’ ಎಂದು ಕೇಳಿದರು. ಬಾಟಲಿ ಬಿಟ್ಟ ಮೇಲೆ ಎಂದೆ. ರಾತ್ರಿ ಹಾಲು ನಡೆಯುತ್ತಿರುವ ಬಾಯಲ್ಲಿ ಕ್ಯಾಪಿನ ಅಂಚಿನಿಂದಲೇ ಹುಳುಕು ಮತ್ತೆ ಶುರುವಾಗುತ್ತದೆ, ಆರು ತಿಂಗಳಿಗೆ ಮತ್ತೊಂದು ಅರಿವಳಿಕೆ ಕೊಡಲು ನನಗೆ ಮನಸ್ಸಿಲ್ಲ. ‘ಅದು ಸ್ವಲ್ಪ ಕಷ್ಟ ಡಾಕ್ಟ್ರೇ’ ಎಂದರು ಅವರು, ಆಪರೇಷನ್ನಿಗೆ ಮಾತ್ರ ಒಂದು ಕ್ಷಣವೂ ಯೋಚಿಸದೆ ತಲೆಯಾಡಿಸಿದ್ದ ಮನುಷ್ಯ.